ತಪ್ಪು ಮಾಸ್ತರ್ರು

ಮುಗಳಖೋಡದ ಚಹಾದಂಗಡಿಯಲ್ಲಿ ಕುಳಿತ ನಿವೃತ್ತ ಗಣಿತ ಮಾಸ್ತರ್ರ ಕೈಗೆ ಅಚ್ಚಾದ ಯಾವ ಕಾಗದವನ್ನೂ ಕೊಡಬಾರದು. ಮದುವೆ ಕಾರ್ಡ್ ಕೊಟ್ಟರೆ ವಧೂವರರ ಹೆಸರಿಗಿಂತ ಮೊದಲು ತಾರೀಖು ನೋಡುತ್ತಾರೆ. "ತಮ್ಮಾ, ಹದಿನಾಲ್ಕು ಸೋಮವಾರ ಅಲ್ಲ, ಮಂಗಳವಾರ. ನಾ ಯಾವತ್ತು ಬರ್ಲಿ?" ಕರೆಯಲು ಬಂದವನು ಅರ್ಧ ಚಹಾ ಬಿಟ್ಟು ಪ್ರೆಸ್ಸಿಗೆ ಓಡುತ್ತಾನೆ.

ಅವರ ನಿಜವಾದ ಬೇಟೆ ಪ್ರಶ್ನೆಪತ್ರಿಕೆ. ಮೊನ್ನೆ ಹತ್ತನೇ ತರಗತಿಯ ಹುಡುಗ ಗೈಡಿನ ಲೆಕ್ಕವೊಂದನ್ನು ತಂದ: ಲಂಬಕೋನ ತ್ರಿಭುಜದ ವಿಕರ್ಣ 12 ಸೆಂ.ಮೀ., ಅದರ ಮೇಲಿನ ಎತ್ತರ 7 ಸೆಂ.ಮೀ., ವಿಸ್ತೀರ್ಣ ಎಷ್ಟು? ಹನ್ನೆರಡೇಳಲೆ ಎಂಬತ್ನಾಲ್ಕು, ಅದರ ಅರ್ಧ 42. ಗೈಡಿನ ಹಿಂದಿನ ಪುಟದಲ್ಲೂ 42. ಹುಡುಗನಿಗೆ ಖುಷಿ.

"ಚಿತ್ರ ತಗಿ ನೋಡೂಣು" ಅಂದರು ಮಾಸ್ತರ್ರು.

ಹುಡುಗ ತೆಗೆದ, ಅಳಿಸಿದ, ಮತ್ತೆ ತೆಗೆದ. ಎತ್ತರ ಏಳಕ್ಕೆ ಒಯ್ದರೆ ಮೇಲಿನ ಕೋನ ತೊಂಬತ್ತಕ್ಕೆ ನಿಲ್ಲುತ್ತಿಲ್ಲ! ಮಾಸ್ತರ್ರು ವಿಕರ್ಣವನ್ನೇ ವ್ಯಾಸ ಮಾಡಿ ಅರ್ಧವೃತ್ತ ಎಳೆದರು. ಲಂಬಕೋನದ ತುದಿ ಈ ಕಮಾನಿನ ಮೇಲೆಯೇ ಕೂಡಬೇಕು. ತ್ರಿಜ್ಯ 6, ಅಂದಮೇಲೆ ಎತ್ತರ ಆರನ್ನು ದಾಟುವುದಿಲ್ಲ. ಉಳಿದ ಎರಡು ಬಾಹುಗಳ ವರ್ಗಗಳ ಮೊತ್ತ 144, ಗುಣಲಬ್ಧದ ಇಮ್ಮಡಿ 168. ಕಳೆದರೆ ಬಾಹುಗಳ ವ್ಯತ್ಯಾಸದ ವರ್ಗ ಋಣ 24. "ವರ್ಗ ಎಂದರ ಋಣ ಆಗ್ತದೇನು? ಸೂತ್ರ ಕೊಟ್ಟ ಕೂಡಲೆ ಉತ್ತರ ಬಂತು ಅಂತ ತ್ರಿಭುಜ ಹುಟ್ಟೂದಿಲ್ಲೋ!"

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯುವುದು? ಮಾಸ್ತರ್ರು ಎರಡೇ ಸಾಲು ಹೇಳಿ ಬರೆಸಿದರು: 'ವಿಕರ್ಣ 12 ಇದ್ದರೆ ಎತ್ತರ 6ಕ್ಕಿಂತ ಹೆಚ್ಚಿರದು, ಆದ್ದರಿಂದ ಇಂಥ ತ್ರಿಭುಜವಿಲ್ಲ. ಬರೀ ಸೂತ್ರದಿಂದ 42 ಬರುತ್ತದೆ.' ಸಿಟ್ಟಿಲ್ಲ, ಸುತ್ತುಬಳಸಿಲ್ಲ. ಅಂಕ ಹಾಕುವವರಿಗೂ ದಾರಿ ಉಳಿಯಿತು.

ಆದರೆ ಗುಂಡು ತುಂಬುವ ಓಎಂಆರ್ ಹಾಳೆಯಲ್ಲಿ ಹೀಗೆ ಬರೆಯಲು ಜಾಗವೇ ಇಲ್ಲ. ಅಲ್ಲಿ ಒಂದನ್ನು ತುಂಬಿ ಬಂದು, ಕೀ ಉತ್ತರ ಬಿಟ್ಟಾಗ ಆಧಾರ ಸಮೇತ ಆಕ್ಷೇಪಣೆ ಹಾಕಬೇಕು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಗಿ, ಅಲ್ಲೂ ತಪ್ಪು ಕಂಡಾಗ ಮಾಸ್ತರ್ರಿಗೆ ವಾರಗಟ್ಟಲೆ ಊಟ ರುಚಿಸಲಿಲ್ಲ. ಅಥವಾ ಬಹಳ ರುಚಿಸಿತೋ, ನೋಡಿದವರಲ್ಲಿ ಒಮ್ಮತವಿಲ್ಲ.

ಮಾಸ್ತರ್ರ ತಪ್ಪು ಹಿಡಿಯುವ ವಿದ್ಯೆಯ ಸುದ್ದಿ ಹಬ್ಬಿದ್ದೇ ತಡ, ಹುಡುಗರಿಗೆ ಬಗೆಹರಿಯದ ಲೆಕ್ಕವೆಲ್ಲ ತಪ್ಪಾಗತೊಡಗಿತು. ಒಬ್ಬ ರೈಲಿನ ವೇಗದ ಲೆಕ್ಕ ಹಿಡಿದು ಬಂದ: "ಸರ್, ಇದೂ ತಪ್ಪೈತ್ರೀ."

"ಯಾವ ಮಾಹಿತಿ ಕಡಿಮಿ ಬಿದ್ದೈತಿ? ಇಲ್ಲಾ, ಯಾವ ಎರಡು ಮಾತು ಒಂದಕ್ಕೊಂದು ಬಡದಾಡತಾವು? ತೋರಸು."

ಹುಡುಗ ತಲೆ ಕೆರೆದುಕೊಂಡ. "ಅವೇನೂ ಬಡದಾಡೂದಿಲ್ರೀ ಸರ್, ನಾನ ಬಡದಾಡಾಕತ್ತೀನ್ರೀ."