ಕಾಚಂಪುಳಿಯೊಡನೆ ಬೀಳ್ಕೊಡುಗೆ

ಪ್ರಿಯ ರಾಯರೇ,

ಮಾಕುಟ್ಟದ ಮಳೆಯನ್ನೂ ಜಿಗಣೆಗಳನ್ನೂ, ನನ್ನ ಪತ್ರಿಕೆಯನ್ನು ನನಗಿಂತ ಮೊದಲೇ ಓದಿ ಮಡಿಸಿಡುತ್ತಿದ್ದ ಚಿರಕಾಲದ ಸೌಜನ್ಯವನ್ನೂ ತೊರೆದು ತಾವು ಮೈಸೂರಿಗೆ ಹೊರಟಿರುವಿರಿ; ಪೆರುಂಬಾಡಿ ಘಾಟಿಯ ತಿರುವುಗಳಲ್ಲಿ ತಮ್ಮ ಬೀರು ಲಾರಿಯಿಂದ ಜಿಗಿಯದಿರಲೆಂದು ಇಗ್ಗುತಪ್ಪನನ್ನು ಪ್ರಾರ್ಥಿಸಿರುವೆನು.

ಜೊತೆಗಿರುವ ಕಪ್ಪು ಶೀಸೆಯನ್ನು ಕೆಮ್ಮಿನ ಕಷಾಯವೆಂದು ಭ್ರಮಿಸಬೇಡಿ. ಮಾಗಿದ ಪಣಪುಳಿ ಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿಯಿಟ್ಟು, ಕೆಳಗೆ ತೊಟ್ಟಿಕ್ಕಿದ ರಸವನ್ನು, ನಮ್ಮ ಮನೆಯಾಕೆಯ ಗೊಣಗಾಟದ ನಡುವೆ, ಕಪ್ಪಾಗಿ ಗಟ್ಟಿಯಾಗುವತನಕ ಕುದಿಸಿದ ಕಾಚಂಪುಳಿಯಿದು. ಪಂದಿಕರಿ ಬೆಂದಮೇಲೆ, ಇಳಿಸುವ ಮುನ್ನ ಒಂದೆರಡು ಚಮಚ ಸಾಕು. ಮಿತಿಮೀರಿದರೆ ಹಲ್ಲು ಜುಮ್ಮೆಂದು ತಾವೇ ತಿಳಿಯುವಿರಿ. ತಾವು ಸಸ್ಯಾಹಾರಿಗಳೆಂಬುದನ್ನು ತಮ್ಮ ಮನೆಯವರಷ್ಟೇ ನಂಬಿರುವರಾದುದರಿಂದ ಶೀಸೆಯ ಮೇಲೆ ಹೆಸರು ಬರೆದಿಲ್ಲ. ವರ್ಷಗಟ್ಟಲೆ ಕೆಡದು. ಖಾಲಿಯಾದರೆ ಕಾಗದ ಹಾಕಿ. ಹಾಗೆಯೇ ನನ್ನ ಕೊಡೆಯನ್ನೂ ಕಳುಹಿಸಿ, ಇಲ್ಲಿ ಮಳೆ ಇನ್ನೂ ನಿಂತಿಲ್ಲ.