ಉಡುಗೊರೆ ಮೀಮಾಂಸೆ: ಕೋಳಿಮರಿಯೋ, ಬಾಳೆಕಂದೋ?

ಮಗುವಿಗೆ ಪ್ರಾಣಿಯನ್ನು ಉಡುಗೊರೆ ಕೊಡಬಹುದೇ ಎಂಬ ಗಹನ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಮುಟ್ಟಲೇ ಇಲ್ಲ. ಅವರ ಕಾಲಕ್ಕೆ ಬರ್ತ್‌ಡೇ ಇರಲಿಲ್ಲ. ಆ ಕೊರತೆ ನೀಗಲು ಇಲ್ಲೊಂದು ಪ್ರಮೇಯವನ್ನು ಮಂಡಿಸಲಾಗಿದೆ: ಉಡುಗೊರೆಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದರ ಚೆಲುವಿನಿಂದಲ್ಲ, ಮಗುವಿನ ಮರೆವನ್ನು ಅದು ಎಷ್ಟು ದಿನ ತಾಳುತ್ತದೆ ಎಂಬುದರಿಂದ. ಪರೀಕ್ಷೆಗೆ ಆಯ್ದುಕೊಂಡದ್ದು ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಕೋಳಿಮರಿ. ಗಿಳಿಯನ್ನು ಕೈಬಿಡಲಾಗಿದೆ, ಅದನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೇಕ್ ಕತ್ತರಿಸುವ ಹೊತ್ತಿಗೆ ಅರಣ್ಯ ಇಲಾಖೆಯವರು ಬರುವುದು ಶೋಭೆಯಲ್ಲ.

ಈ ಮರಿಗಳು ಬಹುಮಟ್ಟಿಗೆ ಮೊಟ್ಟೆಯಿಡದ ಗಂಡುಮರಿಗಳು, ಅಂದರೆ ಮೊಟ್ಟೆಕೋಳಿ ಉದ್ಯಮಕ್ಕೆ ಬೇಡವಾದವು. ಮೊದಲ ವಾರ ಮರಿಗೆ ಹಗಲೂ ರಾತ್ರಿ 32ರಿಂದ 35 ಡಿಗ್ರಿ ಕಾವು ಬೇಕು. ತಾಯಿಯ ರೆಕ್ಕೆ ಇಲ್ಲದಿದ್ದರೆ ಬಲ್ಬಿನ ಬಿಸಿಯಾದರೂ ಬೇಕು. ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ: ಕಲಬುರಗಿಯಲ್ಲಿ ಕಾವಿಗೇನು ಬರವೇ? ಒಳ್ಳೆಯ ಆಕ್ಷೇಪ, ಆದರೆ ಮರಿ ಒಪ್ಪುವುದಿಲ್ಲ. ಮೇ ಮಧ್ಯಾಹ್ನ 40 ದಾಟಿದಾಗ ಅದು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತದೆ; ರಾತ್ರಿ ಕೂಲರ್ ಹಚ್ಚಿದೊಡನೆ ಮೂಲೆಗೆ ಮುದುಡಿಕೊಂಡು ಒಂದೇ ಸಮನೆ ಚೀರುತ್ತದೆ. ‘ನಾನೇ ನೋಡ್ಕೋತೀನಿ ಬಿಡ್ರಿ ಅಪ್ಪಾ’ ಎಂದು ಪ್ರತಿಜ್ಞೆ ಮಾಡಿದ ಮಗು ಆಗ ನಿದ್ದೆಯಲ್ಲಿರುತ್ತದೆ. ಬಲ್ಬು ಹುಡುಕುವವಳು ಅಜ್ಜಿ. ಮರಿಯ ಮರೆವು-ತಾಳಿಕೆ ಒಂದು ರಾತ್ರಿಯೂ ಇಲ್ಲವೆಂದು ಸಿದ್ಧವಾಯಿತು.

ಬದಲಿಗೆ ಏನು? ಕಮಲಾಪುರದ ಕೆಂಪು ಬಾಳೆಯ ಕಂದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಳಿಯಿದು. ಬರ್ತ್‌ಡೇಗೆ ಇದಕ್ಕಿಂತ ವಂಶವುಳ್ಳ ಅತಿಥಿ ಸಿಗಲಾರದು. ಆರಿಸುವಾಗ ಅಗಲ ಎಲೆಯ ಕಂದನ್ನು ಬಿಟ್ಟು ಕತ್ತಿಯಂಥ ಕಿರಿದಾದ ಎಲೆಯದನ್ನೇ ಕೇಳಬೇಕು, ಅದಕ್ಕೆ ಗಡ್ಡೆಯ ಬಲ ಹೆಚ್ಚು. ಕಾಂಡದಲ್ಲಿ ಕೆಂಪು ಛಾಯೆ ಇಲ್ಲದಿದ್ದರೆ ಮಾರಿದವರನ್ನು ಮತ್ತೊಮ್ಮೆ ಮಾತಾಡಿಸಬೇಕು. ಗೊನೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ, ಅಷ್ಟು ಕಾಯುವ ಮಗು ಎಲ್ಲಿದೆ ಎಂಬುದು ಎರಡನೆಯ ಪೂರ್ವಪಕ್ಷ. ಕಾಯಬೇಕಾದ್ದು ಗೊನೆಗಲ್ಲ. ಬೆಳೆಯುವ ಕಾಲದಲ್ಲಿ ವಾರ, ಹತ್ತು ದಿನಕ್ಕೊಂದು ಎಲೆ ಸುರುಳಿ ಬಿಚ್ಚುತ್ತದೆ, ಮಗು ಅದರ ಮೇಲೆ ತಾರೀಖು ಬರೆಯಬಹುದು. ಬಾಳೆಗೆ ನೀರಡಿಕೆ ಜಾಸ್ತಿ ನಿಜ, ಆದರೆ ದೂರು ಕೊಟ್ಟು ಕಾಯುವ ಸಹನೆಯೂ ಅದಕ್ಕಿದೆ: ಉರಿಬಿಸಿಲಿಗೆ ಎಲೆಯ ಎರಡೂ ಮಗ್ಗುಲು ನಡುನರದ ಗುಂಟ ಕೆಳಕ್ಕೆ ಮಡಚಿಕೊಳ್ಳುತ್ತವೆ. ಸಂಜೆಗೆ ಬಿಚ್ಚಿದರೆ ಚಿಂತೆಯಿಲ್ಲ. ಬೆಳಗಾದರೂ ಮಡಚಿಯೇ ಇದ್ದರೆ ಬಚ್ಚಲಿನ ನೀರನ್ನು ಆ ಕಡೆ ತಿರುಗಿಸಬೇಕು, ಸಾಬೂನು ಕಡಿಮೆ ಇದ್ದರೆ ಒಳ್ಳೆಯದು. ಸಾವಿನ ಪ್ರಶ್ನೆಯನ್ನೂ ಬಾಳೆ ನಯವಾಗಿ ನಿಭಾಯಿಸುತ್ತದೆ: ಗೊನೆ ಕೊಟ್ಟ ಗಿಡ ಸಾಯುವ ಮುಂಚೆಯೇ ಪಕ್ಕದಲ್ಲಿ ಮರಿಕಂದು ನಿಂತಿರುತ್ತದೆ. ಅಪಾರ್ಟ್‌ಮೆಂಟಿನವರಿಗೆ ಈ ಸಿದ್ಧಾಂತ ಅನ್ವಯಿಸದು, ಬಾಲ್ಕನಿಯ ಕುಂಡದಲ್ಲಿ ಅದು ಗೊನೆ ಹಾಕುವ ಭರವಸೆ ಇಲ್ಲ; ಅವರು ಗುಬ್ಬಿಗಳಿಗೆ ನೀರಿಡಲು ಒಂದು ಮಣ್ಣಿನ ಬಟ್ಟಲು ಕೊಡಿಸಲಿ, ಮಗು ಮರೆತ ದಿನ ಗುಬ್ಬಿ ಪಕ್ಕದ ಮನೆಗೆ ಹೋಗುತ್ತದೆ.