ತುಂಬಿ ಹರಿಯದ ತೂತು

ವಾಶ್‌ಬೇಸಿನ್ನಿಗೆ ಎರಡು ತೂತು. ಕೆಳಗಿನದು ಎಲ್ಲರಿಗೂ ಗೊತ್ತು. ಅದು ಕಟ್ಟಿಕೊಂಡರೆ ಮನೆಮಂದಿಯೆಲ್ಲ ಸೇರಿ ಅದರ ಯೋಗಕ್ಷೇಮ ವಿಚಾರಿಸುತ್ತಾರೆ. ಇನ್ನೊಂದು ಮೇಲೆ, ಅಂಚಿನ ಹತ್ತಿರ, ನಲ್ಲಿಯ ನೆರಳಲ್ಲಿ ರೂಪಾಯಿ ನಾಣ್ಯದಷ್ಟಗಲ ಬಾಯಿ ಬಿಟ್ಟುಕೊಂಡಿರುತ್ತದೆ. ಕೆಳಗಿನದಕ್ಕೆ ಬೂಚು ಹಾಕಿ ನಲ್ಲಿ ನಿಲ್ಲಿಸಲು ಮರೆತರೆ ನೀರು ಇದರೊಳಗೆ ಇಳಿದು ಮನೆ ಕೆರೆಯಾಗದಂತೆ ಕಾಯಲಿ ಎಂದು ಇಟ್ಟದ್ದು. ಆದರೆ ನಾವು ಬೇಸಿನ್ ತುಂಬಿಸಿ ಮುಖ ತೊಳೆಯುವ ಪೈಕಿಯಲ್ಲ. ಹರಿಯುವ ನಲ್ಲಿಗೆ ಕೈಯೊಡ್ಡಿ, ಮುಕ್ಕಳಿಸಿ, ಕ್ಯಾಕರಿಸಿ, ಬೀದಿಗೆಲ್ಲ ಕೇಳುವಂತೆ ಉಗಿದು ಹೊರಡುವವರು. ಹೀಗಾಗಿ ಈ ತೂತಿಗೆ ಒಂದು ದಿನವೂ ಡ್ಯೂಟಿ ಬೀಳುವುದಿಲ್ಲ. ಕೆಲಸವಿಲ್ಲದ ಇಲಾಖೆಗೆ ವರ್ಗವಾದ ಗುಮಾಸ್ತನ ಹಾಗೆ ಕೂತಲ್ಲೇ ಕೂತು, ಕೊನೆಗೆ ನಾರತೊಡಗುತ್ತದೆ.

ನಮ್ಮ ಮನೆಯಲ್ಲಿ ನಾತ ಮೊದಲು ಸಿಕ್ಕಿದ್ದು ನನ್ನ ಹೆಂಡತಿಯ ಮೂಗಿಗೆ. ಪಕ್ಕದ ಬೀದಿಯಲ್ಲಿ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತದೆ. "ರೀ, ಬೇಸಿನ್ ಹತ್ರ ಬಗ್ಗಿದ್ರೆ ಒದ್ದೆ ಬಟ್ಟೆ ಮುಗ್ಗಿದ ಹಂಗೆ ವಾಸನೆ" ಎಂದಳು. ಊರಿಂದ ಬಂದಿದ್ದ ದೊಡ್ಡಪ್ಪ "ಇಲಿ ಸತ್ತಿರಬೇಕು ಕಣೋ" ಎಂದು ತೀರ್ಪು ಕೊಟ್ಟು ಪೇಪರಿಗೆ ಮರಳಿದರು. ಮಗಳು ನನ್ನ ಶೇವಿಂಗ್ ಬ್ರಷ್ಷಿನ ಮೇಲೆ ಅನುಮಾನಪಟ್ಟಳು. ಬಂದ ಪ್ಲಂಬರ್ ಒಂದು ಕೈ ಸೊಂಟದ ಮೇಲಿಟ್ಟು, "ಸಾರ್, ಬೇಸಿನ್ನೇ ಹಳೇದಾಗಿದೆ, ಹೊಸದು ಹಾಕಿಸ್ಬಿಡಿ" ಎಂದ. ನೆಗಡಿಯಾದವನಿಗೆ ಹೊಸ ಮೂಗು ಹಾಕಿಸಿಕೊ ಎನ್ನುವ ವೈದ್ಯ!

ಅಂಥ ಖರ್ಚಿಗೆ ಕೈ ಹಾಕುವ ಮೊದಲು ನಾತ ಬರುತ್ತಿರುವುದು ಎಲ್ಲಿಂದ ಎಂದು ತಿಳಿಯುವುದು ಒಳ್ಳೆಯದು. ಬೇಸಿನ್ನಿನ ಕೆಳಗೆ ಬಗ್ಗಿ ನೋಡಿ. ಬಾಟಲಿಯ ಆಕಾರದ್ದೋ ಬಾಗಿದ ಪೈಪಿನದೋ ಒಂದು ಟ್ರ್ಯಾಪ್ ಇರಬೇಕು. ಅದರಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ಗಾಳಿಗೆ ಬಾಗಿಲು. ಟ್ರ್ಯಾಪೇ ಇಲ್ಲದೆ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪನ್ನು ನೇರ ನೆಲದ ತೂತಿಗೆ ಇಳಿಬಿಟ್ಟ ಮನೆಗಳು ಬೇಕಾದಷ್ಟಿವೆ. ಅಲ್ಲಿ ನಾತ ಕೆಳಗಿನಿಂದಲೇ ಬರಬಹುದು. ಮೇಲಿನ ತೂತನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಟ್ರ್ಯಾಪ್ ಇದ್ದು, ಅದರಲ್ಲಿ ನೀರೂ ಇದ್ದು, ಆದರೂ ನಾತ ಇದೆ ಎಂದರೆ ಮೂಲ ಟ್ರ್ಯಾಪಿಗಿಂತ ಮೇಲೆಯೇ ಇದೆ. ಅಂದರೆ ಅದು ಊರ ಚರಂಡಿಯದಲ್ಲ, ಸ್ವಂತ ಮನೆಯದು. ಪುರಸಭೆಯನ್ನು ಬೈಯುವ ಸುಖ ಅಲ್ಲಿಗೆ ಮುಗಿಯಿತು.

ಖಾತ್ರಿ ಮಾಡಿಕೊಳ್ಳಲು ಕಿವಿಗೆ ಹಾಕುವ ಹತ್ತಿಯ ಕಡ್ಡಿ ಸಾಕು. ಅದನ್ನು ತೂತಿನೊಳಗೆ ಒಂದಂಗುಲ ಇಳಿಸಿ, ಒಳಗೋಡೆಗೆ ಸವರಿ ತೆಗೆಯಿರಿ. ಬೆಳ್ಳಗೆ ಹೋದದ್ದು ಬೆಳ್ಳಗೇ ಬಂದರೆ ನಿಮ್ಮ ಪುಣ್ಯ. ನಮ್ಮದು ಬೂದು ಬಣ್ಣದ ಲೋಳೆ ಹೊತ್ತು ಬಂತು. ಒಂದು ಬದಿಗೆ ನಸುಗುಲಾಬಿ, ತುದಿಯಲ್ಲಿ ಕಪ್ಪು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, ಮೂಸಿ, ಇಲಿಯ ಆರೋಪವನ್ನು ಹಿಂಪಡೆದರು.

ಈ ಲೋಳೆ ಹೊರಗಿನಿಂದ ಬಂದ ಕೊಳೆಯಲ್ಲ. ಸೋಪಿನ ಜಿಡ್ಡು, ಟೂತ್‌ಪೇಸ್ಟು, ಉಗುಳು, ಮೈಯ ಸತ್ತ ಚರ್ಮದ ಪುಡಿ ಎಲ್ಲ ಎರಚಲಾಗಿ ಆ ತೂತಿಗೆ ಸಿಡಿಯುತ್ತವೆ. ಒಳಗೆ ತೇವ ಇದೆ, ಕತ್ತಲಿದೆ, ಗಾಳಿಯೂ ಇದೆ. ಇಲ್ಲದ್ದು ತೊಳೆದುಕೊಂಡು ಹೋಗುವ ನೀರು ಮಾತ್ರ. ಬ್ಯಾಕ್ಟೀರಿಯಾ, ಬೂಷ್ಟು ಸೇರಿ ಸಂಸಾರ ಹೂಡಿ, ಸುತ್ತ ಅಂಟಿನ ಪದರ ಕಟ್ಟಿಕೊಳ್ಳುತ್ತವೆ. ಆ ಗುಲಾಬಿ ಬಣ್ಣ ಹೆಚ್ಚಾಗಿ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾದ ಕಾಣಿಕೆ. ಸೋಪಿನ ಡಬ್ಬಿಯ ತಳದಲ್ಲಿ ಕಾಣುವುದೂ ಅದೇ. ಹೃದಯದ ಆಕಾರದ ರೆಕ್ಕೆ ಮಡಚಿ ಬಚ್ಚಲ ಗೋಡೆಗೆ ಅಂಟಿ ಕೂರುವ ಪುಟ್ಟ ಬೂದು ನೊಣಗಳು ಬೇಸಿನ್ ಸುತ್ತ ಕಾಣುತ್ತಿದ್ದರೆ, ಅವುಗಳ ಮರಿಹುಳುಗಳೂ ಇದೇ ಲೋಳೆಯಲ್ಲಿ ಬಾಡಿಗೆಗಿರಬಹುದು.

ಈಗ ಒಳಗಿನ ದಾರಿ. ಪಿಂಗಾಣಿಯ ಬೇಸಿನ್ನಿನಲ್ಲಿ ಬೇರೆ ಪೈಪೇನೂ ಇರುವುದಿಲ್ಲ. ಒಳಗೋಡೆ ಹೊರಗೋಡೆಗಳ ನಡುವಿನ ಪೊಳ್ಳೇ ದಾರಿ. ಅದು ಬಟ್ಟಲಿನ ಬೆನ್ನಿಗೆ ಇಳಿದು, ಕೆಳಗೆ ಬಾಗಿ, ವೇಸ್ಟ್ ಕಪ್ಲಿಂಗ್‌ನ ಪಕ್ಕಕ್ಕೆ ಕೊರೆದ ಸೀಳುಗಳ ಮೂಲಕ ಒಳಗೆ ಸೇರುತ್ತದೆ. ಜಾಲರಿ ಎತ್ತಿ ಟಾರ್ಚ್ ಬಿಟ್ಟರೆ ಆ ಸೀಳುಗಳು ಕಾಣುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಸೀಳು ಇರುವುದು ಬೂಚಿಗಿಂತ ಕೆಳಗೆ. ಆದ್ದರಿಂದ ಬೂಚು ಹಾಕಿ ಮೇಲಿನ ತೂತಿಗೆ ಏನೇ ಸುರಿದರೂ ಅದು ನಿಲ್ಲದೆ ಸೀದಾ ಟ್ರ್ಯಾಪಿಗೆ ಹೋಗುತ್ತದೆ. "ರಾತ್ರಿಯೆಲ್ಲ ನೆನೆಯಲು ಬಿಟ್ಟೆ" ಎನ್ನುವವರ ಮದ್ದು ನಿಜಕ್ಕೂ ನೆನೆದದ್ದು ಚರಂಡಿಯಲ್ಲಿ.

ಸಲಹೆಗಳಿಗೆ ನಮ್ಮ ಬಳಗದಲ್ಲಿ ಬರವಿಲ್ಲ. ನಾದಿನಿಯ ಮದ್ದು ಅಡುಗೆ ಸೋಡ ಮತ್ತು ವಿನೆಗರ್. ಬುಸುಬುಸು ನೊರೆ ಬರುವುದು ನೋಡಲು ಚೆಂದವೇ. ಆದರೆ ಆಮ್ಲಕ್ಕೂ ಕ್ಷಾರಕ್ಕೂ ರಾಜಿಯಾಗಿ ಉಳಿಯುವುದು ಒಂದು ಬಗೆಯ ಉಪ್ಪುನೀರು. ನೊರೆ ಕೊಂಚ ಕೊಳೆ ಅಲುಗಿಸಿತು ಅನ್ನಬಹುದು, ಅಂಟಿದ ಲೋಳೆ ಜಗ್ಗುವುದಿಲ್ಲ. ದೊಡ್ಡಪ್ಪನ ಮದ್ದು ಕೊತಕೊತ ಕುದಿಯುವ ನೀರು. ತಣ್ಣಗಿನ ಪಿಂಗಾಣಿಗೆ ಅದು ಬಿದ್ದರೆ ಸೀಳು ಬರಬಹುದು. ಕೆಳಗಿನ ಪಿವಿಸಿ ಪೈಪು 60 ಡಿಗ್ರಿ ಸೆಲ್ಸಿಯಸ್ಸಿನ ಆಚೆ ಬಿಸಿ ತಡೆಯುವ ಜಾತಿಯಲ್ಲ. ಗೀಸರಿನ ನೀರು, ಕೈಗೆ ಚುರುಕು ಮುಟ್ಟುವಷ್ಟು ಬಿಸಿ ಸಾಕು.

ಮೂರನೆಯ ಸಲಹೆ ಎದುರು ಮನೆಯವರದು: "ಸ್ವಲ್ಪ ಬ್ಲೀಚಿಂಗ್ ಪೌಡರು, ಮೇಲೆ ಸ್ವಲ್ಪ ಆಸಿಡ್ಡು." ಇಲ್ಲಿ ನಗು ನಿಲ್ಲಿಸಬೇಕು. ಬ್ಲೀಚಿಗೆ ಆಸಿಡ್ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ; 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಯ ಕಂದಕಗಳ ಮೇಲೆ ಹರಿಯಬಿಟ್ಟದ್ದು ಅದನ್ನೇ. ಬಚ್ಚಲು ಚಿಕ್ಕದು, ಕಿಟಕಿ ಇನ್ನೂ ಚಿಕ್ಕದು, ನಮ್ಮ ಮುಖವಂತೂ ತೂತಿನ ಮೇಲೆಯೇ ಬಗ್ಗಿರುತ್ತದೆ. ಟಾಯ್ಲೆಟ್ ತೊಳೆಯುವ ದ್ರವದಲ್ಲೂ ಹೆಚ್ಚಾಗಿ ಆಸಿಡ್ಡೇ ಇರುವುದು. ವಿನೆಗರ್, ನಿಂಬೆರಸವೂ ಆಮ್ಲವೇ. ಅಮೋನಿಯ ಇರುವ ಗಾಜು ಒರೆಸುವ ದ್ರವ ಸೇರಿದರೂ ವಿಷದ ಹೊಗೆ. ಕಣ್ಣಿಗೆ ಕಾಣದ ಈ ಪೊಳ್ಳಿನಲ್ಲಿ ಇನ್ನೊಂದು ಅಪಾಯವಿದೆ: ನಿನ್ನೆ ಸುರಿದದ್ದು ಮೂಲೆಯಲ್ಲಿ ಉಳಿದಿರಬಹುದು, ಇವತ್ತಿನದು ಅದನ್ನು ಒಳಗೇ ಭೇಟಿಯಾಗಬಹುದು. ಕಟ್ಟಿದ ಪೈಪು ಬಿಡಿಸುವ ಕಾಸ್ಟಿಕ್ ಪುಡಿಯನ್ನೂ ಇಲ್ಲಿ ಹಾಕಬಾರದು. ನೀರು ಸೋಕಿದೊಡನೆ ಕಾದು, ಇಕ್ಕಟ್ಟಿನಿಂದ ಮುಖಕ್ಕೇ ಚಿಮ್ಮೀತು.

ಲೋಳೆಗೆ ತಕ್ಕ ಮದ್ದು ಉಜ್ಜುವುದೇ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ತೊಟ್ಟಿಯ ಪೈಪು ತೊಳೆಯಲು ಒಂದು ಬ್ರಷ್ ಮಾರುತ್ತಾರೆ. ಹಾವಿನಂತೆ ಬಳುಕುವ ಸ್ಪ್ರಿಂಗು, ತುದಿಗೆ ನೈಲಾನ್ ಕೂದಲು. ಅದು ಸಿಗದಿದ್ದರೆ ಸ್ಟ್ರಾ ತೊಳೆಯುವ ಬ್ರಷ್ಷಾದರೂ ಬಾಯಿಯ ಹತ್ತಿರದ ಕೊಳೆಗೆ ಆದೀತು. ಬಟ್ಟೆ ಹ್ಯಾಂಗರಿನ ತಂತಿ ಮಾತ್ರ ಬೇಡ. ಮೆರುಗು ಗೀಚುತ್ತದೆ, ಒಳಗೆ ಸಿಕ್ಕಿಕೊಂಡರೆ ಆಗ ಪ್ಲಂಬರನ ಮಾತೇ ನಿಜವಾಗುತ್ತದೆ.

ಭಾನುವಾರ ಬೆಳಿಗ್ಗೆ ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಏರಿಸಿದೆ. ದೊಡ್ಡಪ್ಪ ಕುರ್ಚಿ ತಂದು ಬಚ್ಚಲ ಬಾಗಿಲಲ್ಲಿ ಹಾಕಿಕೊಂಡರು. ತೂತಿಗೆ ಸಿಕ್ಕಿಸಿದ್ದ ಮಿರುಗುವ ಉಂಗುರವನ್ನು ಮೆಲ್ಲಗೆ ಎಳೆದು ತೆಗೆದೆ. ಅದರ ಬೆನ್ನಿಗೇ ಅರ್ಧ ಲೋಳೆ ಅಂಟಿತ್ತು. ಪಾತ್ರೆ ತೊಳೆಯುವ ದ್ರವವನ್ನು ಬಿಸಿನೀರಿಗೆ ಬೆರೆಸಿ, ಮೂತಿಯಿರುವ ಸಾಸ್ ಬಾಟಲಿಗೆ ತುಂಬಿ ಒಳಗೆ ಚಿಮ್ಮಿಸಿದೆ. ಆಮೇಲೆ ಬ್ರಷ್ ಇಳಿಸಿದೆ. ಗಿಡ್ಡ ಗಿಡ್ಡ ಎಳೆತ, ನಡುವೆ ತಿರುವು, ತಡೆ ಸಿಕ್ಕಲ್ಲಿ ಬಲವಂತವಿಲ್ಲ. ಪ್ರತಿ ಸಲವೂ ಬ್ರಷ್ ಕಪ್ಪು ಚಿಂದಿಗಳನ್ನು ಹೊತ್ತು ಬರುತ್ತಿತ್ತು, ತೊಳೆದು ಮತ್ತೆ ಇಳಿಸಬೇಕು. ಕೆಳಗಿನ ಸೀಳುಗಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆದಕಿದೆ. ಅಲ್ಲೇ ಕೊಳೆ ಬೂಚಿನಂತೆ ಕೂರುವುದು. ದಾರಿ ಬಿಟ್ಟಿದೆಯೋ ಇಲ್ಲವೋ ತಿಳಿಯುವುದು ಸುಲಭ: ಮೇಲೆ ಸುರಿದ ನೀರು ಕೆಳಗಿನ ಸೀಳಿನಿಂದ ಸಲೀಸಾಗಿ ಧುಮುಕಬೇಕು. ಮೇಲಿನ ಬಾಯಿಂದಲೇ ವಾಪಸು ಉಕ್ಕಿದರೆ ಇನ್ನೂ ಕಟ್ಟಿದೆ ಎಂದರ್ಥ.

ಪೊಳ್ಳು ಬ್ರಷ್ಷಿಗಿಂತ ಅಗಲ. ಎಲ್ಲ ಮೂಲೆಯೂ ಅದಕ್ಕೆ ಸಿಗದು. ಬ್ಲೀಚಿಗೆ ಕೆಲಸ ಇರುವುದು ಆ ಉಳಿಕೆಯಲ್ಲಿ, ಅದೂ ಉಜ್ಜಿದ ಮೇಲೆ. ಲೋಳೆ ದಪ್ಪಗಿದ್ದಾಗಲೇ ಸುರಿದರೆ ಮೇಲಿನ ಪದರದ ಮೇಲೆಯೇ ಅದರ ಶಕ್ತಿ ಖರ್ಚಾಗಿಬಿಡುತ್ತದೆ. ಮೊದಲು ಬರೀ ನೀರಿನಿಂದ ಸೋಪೆಲ್ಲ ಹೋಗುವಷ್ಟು ತೊಳೆದೆ. ಹಳೆಯ ಪಂಚೆಯ ಒಂದು ಪಟ್ಟಿಯನ್ನು ಸುರುಳಿ ಸುತ್ತಿ, ಬಾಲ ಹೊರಗೆ ಉಳಿಯುವಂತೆ ಕಪ್ಲಿಂಗಿನೊಳಗೆ ಬಿಗಿಯಾಗಿ ತುರುಕಿದೆ. ಸೀಳುಗಳಿಗೆ ಅಡ್ಡ ಬಿದ್ದು ಅದು ದ್ರವವನ್ನು ಪೊಳ್ಳಿನಲ್ಲೇ ಅಷ್ಟಿಷ್ಟು ಹೊತ್ತು ತಡೆಯುತ್ತದೆ. ಆಮೇಲೆ ಅಂಗಡಿಯ ದ್ರವ ಬ್ಲೀಚ್ ಒಂದು ಪಾಲು, ತಣ್ಣೀರು ಒಂಬತ್ತು ಪಾಲು. ಬಿಸಿನೀರು ಬೆರೆಸಿದರೆ ಹೊಗೆ ಹೆಚ್ಚು, ಗುಣ ಕಡಿಮೆ. ಕಿಟಕಿ ತೆರೆದು, ಫ್ಯಾನ್ ಹಾಕಿ, ಮೆಲ್ಲಗೆ ಸುರಿದು ಹತ್ತು ನಿಮಿಷ ಬಿಟ್ಟೆ. ಬಟ್ಟೆ ಅಲ್ಪಸ್ವಲ್ಪ ಜಿನುಗುತ್ತದೆ, ನಡುನಡುವೆ ಸ್ವಲ್ಪ ಸುರಿಯುತ್ತಿರಬೇಕು. ದೊಡ್ಡಪ್ಪನನ್ನು ಕುರ್ಚಿ ಸಮೇತ ಹಜಾರಕ್ಕೆ ಸಾಗಿಸಿದ್ದಾಯಿತು. ಅವರಿಗೆ ಮೊದಲೇ ದಮ್ಮು. ಕೊನೆಗೆ ಬಟ್ಟೆ ಎಳೆದು, ಮಗ್ಗುಗಟ್ಟಲೆ ತಣ್ಣೀರು ಹರಿಸಿದೆ. ಆ ದಿನ ಇನ್ಯಾವ ದ್ರವವೂ ಬೇಸಿನ್ನಿನ ಹತ್ತಿರ ಸುಳಿಯಕೂಡದು ಎಂದು ಹೆಂಡತಿ ಆಜ್ಞೆ ಹೊರಡಿಸಿದಳು.

ಈ ಲೋಳೆಯನ್ನು ಶಾಶ್ವತವಾಗಿ ಓಡಿಸಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾವು ಹಲ್ಲುಜ್ಜುವ ತನಕ ಅದಕ್ಕೆ ಊಟ ಇದೆ. ನಿಧಾನ ಮಾಡಿಸಬಹುದು, ಅಷ್ಟೆ. ಈಗ ಭಾನುವಾರ ಬೂಚು ಹಾಕಿ ಬೇಸಿನ್ ತುಂಬಿಸಿ, ನೀರು ಮೇಲಿನ ತೂತಿನಿಂದ ಗೊಳಗೊಳ ಇಳಿಯಲು ಒಂದೆರಡು ನಿಮಿಷ ಬಿಡುತ್ತೇವೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ಪಕ್ಕದಲ್ಲೇ ನಿಲ್ಲಬೇಕು. ಪೂರ್ತಿ ತಿರುಗಿಸಿದ ನಲ್ಲಿಯ ರಭಸವನ್ನು ಆ ತೂತು ತಾಳುತ್ತದೆಂಬ ಭರವಸೆ ಇಲ್ಲ. ಹೆಂಡತಿ ಅಕ್ವೇರಿಯಂ ಬ್ರಷ್ಷಿನ ಹಿಡಿಗೆ ಕೆಂಪು ಟೇಪು ಸುತ್ತಿ, ಅಟ್ಟದ ಮೇಲೆ ದೂರದ ಮೂಲೆಯಲ್ಲಿ ಇಟ್ಟಿದ್ದಾಳೆ. ಹೋದ ವಾರ ದೊಡ್ಡಪ್ಪ ಅದನ್ನು ಹೇಗೋ ಹುಡುಕಿ ಇಳಿಸಿಕೊಂಡು, "ಫ್ಲಾಸ್ಕ್ ತೊಳೆಯೋಕೆ ಒಳ್ಳೇ ಬ್ರಷ್ ಕಣಮ್ಮ, ಯಾಕೆ ಮುಚ್ಚಿಟ್ಟಿದ್ದೀ?" ಎಂದು ಅಡುಗೆಮನೆಗೆ ಬಂದಿದ್ದರು.